ಕಂಬದ ಎತ್ತರದಿಂದ ಅಂಕಿಗೆ, ಅಂಕಿಯಿಂದ ವಾಕ್ಯಕ್ಕೆ

ಸ್ತಂಭಾಲೇಖದಲ್ಲಿ ಪ್ರತಿ ಕಂಬದ ಎತ್ತರವೂ ಒಂದು ಅಂಕಿಯನ್ನು ಹೇಳುತ್ತದೆ. ಕಂಬದ ತಲೆಯ ಮೇಲೆ ಆ ಅಂಕಿಯನ್ನು ಬರೆದಿದ್ದರೆ ಓದುವವರಿಗೆ ಕೆಲಸವೇ ಉಳಿಯುವುದಿಲ್ಲ. ಆದರೆ ಎಷ್ಟೋ ವರದಿಗಳಲ್ಲಿ ಕಂಬಗಳು ಮಾತ್ರ ಇರುತ್ತವೆ. ಎಡಬದಿಯ ಅಕ್ಷದ ಮೇಲೆ 0, 20, 40 ಎಂಬ ಗುರುತುಗಳಿರುತ್ತವೆ. ಉಳಿದದ್ದನ್ನು ಅಳೆದು ತಿಳಿಯಬೇಕು. ಅದರಲ್ಲೂ ಆಲೇಖವನ್ನು ಚಿತ್ರವಾಗಿ ಅಂಟಿಸಿದ್ದಾಗ ಅದರ ಹಿಂದಿನ ಕೋಷ್ಟಕ ಕೈಗೆ ಸಿಗುವುದಿಲ್ಲ. ಅಳೆಯುವ ಮೊದಲು ವರದಿಯ ಅನುಬಂಧವನ್ನು ಒಮ್ಮೆ ತಿರುವಿ ನೋಡುವುದು ಒಳ್ಳೆಯದು. ಕೋಷ್ಟಕ ಅಲ್ಲಿದ್ದರೆ ಅದೇ ಪ್ರಮಾಣ, ಚಿತ್ರವನ್ನು ಅಳೆಯುವ ಅಗತ್ಯವಿಲ್ಲ. ಇಲ್ಲದಿದ್ದರೆ ಮಾತ್ರ ಅಳತೆ.

ಕರ್ನಾಟಕದ ಸಾಕ್ಷರತೆಯನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. 1991, 2001 ಮತ್ತು 2011ರ ಜನಗಣತಿಗಳ ಪ್ರಕಾರ ಪುರುಷರ ಮತ್ತು ಮಹಿಳೆಯರ ಸಾಕ್ಷರತೆಯನ್ನು ಜೋಡಿ ಕಂಬಗಳಲ್ಲಿ ತೋರಿಸುವ ಒಂದು ಚಿತ್ರ ಕಂಪ್ಯೂಟರಿನ ಪರದೆಯ ಮೇಲಿದೆ ಎಂದುಕೊಳ್ಳೋಣ. ಒಟ್ಟು ಆರು ಕಂಬಗಳು. ಲಂಬವಾದ ಅಕ್ಷ 0ಯಿಂದ 100ರವರೆಗೆ, ಪ್ರತಿ 20ಕ್ಕೆ ಒಂದು ಅಡ್ಡಗೆರೆ. ಕಂಬಗಳ ಮೇಲೆ ಅಂಕಿಗಳಿಲ್ಲ.

ಮೊದಲು ಓದಬೇಕಾದದ್ದು ಕಂಬಗಳನ್ನಲ್ಲ, ಅವುಗಳ ಸುತ್ತಲಿನ ಬರಹವನ್ನು. ಶೀರ್ಷಿಕೆ ಏನು ಹೇಳುತ್ತದೆ, ಅಕ್ಷದ ಮೇಲಿರುವುದು ಶೇಕಡಾವೋ ಲಕ್ಷವೋ ಸಾವಿರವೋ, ಯಾವ ಬಣ್ಣ ಯಾರಿಗೆ ಸೇರಿದ್ದು, ಕೆಳಗಿನ ಅಡಿಟಿಪ್ಪಣಿಯಲ್ಲಿ ಏನಿದೆ ಎಂಬುದನ್ನು ಗಮನಿಸಬೇಕು. ಸಾಕ್ಷರತೆಯ ವಿಷಯದಲ್ಲಿ ಅಡಿಟಿಪ್ಪಣಿ ತುಂಬ ಮುಖ್ಯ. ಈ ಮೂರು ವರ್ಷಗಳ ಪ್ರಮಾಣವನ್ನು ಲೆಕ್ಕ ಹಾಕಿರುವುದು ಏಳು ವರ್ಷ ಮತ್ತು ಅದಕ್ಕೆ ಮೇಲ್ಪಟ್ಟ ವಯಸ್ಸಿನವರಲ್ಲಿ. ಆರು ವರ್ಷದವರೆಗಿನ ಮಕ್ಕಳು ಈ ಲೆಕ್ಕದಲ್ಲಿ ಇಲ್ಲ. ಯಾವುದಾದರೂ ಭಾಷೆಯನ್ನು ಅರ್ಥ ಮಾಡಿಕೊಂಡು ಓದಲೂ ಬರೆಯಲೂ ಬಲ್ಲವರನ್ನು ಮಾತ್ರ ಸಾಕ್ಷರರೆಂದು ಎಣಿಸುತ್ತಾರೆ. ಓದಲು ಬಂದು ಬರೆಯಲು ಬಾರದವರು ಆ ಎಣಿಕೆಗೆ ಸೇರುವುದಿಲ್ಲ. ಇದನ್ನು ಬಿಟ್ಟು ‘ಜನಸಂಖ್ಯೆಯಲ್ಲಿ ಇಷ್ಟು ಮಂದಿ ಸಾಕ್ಷರರು’ ಎಂದು ಬರೆದರೆ, ಅಳತೆ ಎಷ್ಟೇ ನಿಖರವಾಗಿದ್ದರೂ ವಾಕ್ಯ ಸುಳ್ಳಾಗುತ್ತದೆ.

ಆಮೇಲೆ ಅಳತೆ. ಚಿತ್ರವನ್ನು ಪೇಂಟ್‌ನಂಥ ಸರಳ ತಂತ್ರಾಂಶದಲ್ಲಿ ತೆರೆದರೆ, ಮೌಸಿನ ಬಾಣ ಎಲ್ಲಿದೆಯೋ ಆ ಜಾಗದ ಪಿಕ್ಸೆಲ್ ಸಂಖ್ಯೆ ಕೆಳಗಿನ ಪಟ್ಟಿಯಲ್ಲಿ ಕಾಣುತ್ತದೆ. ಅಲ್ಲಿ ಎರಡು ಸಂಖ್ಯೆಗಳಿರುತ್ತವೆ, ಒಂದು ಅಡ್ಡಕ್ಕೆ, ಇನ್ನೊಂದು ಎತ್ತರಕ್ಕೆ. ಬೇಕಾಗಿರುವುದು ಎರಡನೆಯದು. ಆದರೆ ಅದು ಮೇಲಿನಿಂದ ಕೆಳಕ್ಕೆ ಎಣಿಸುತ್ತದೆ, ಚಿತ್ರದ ಮೇಲಂಚೇ ಸೊನ್ನೆ. ಹೀಗಾಗಿ ಎತ್ತರದ ಕಂಬದ ತುದಿಗೆ ಚಿಕ್ಕ ಸಂಖ್ಯೆ, ಗಿಡ್ಡ ಕಂಬದ ತುದಿಗೆ ದೊಡ್ಡ ಸಂಖ್ಯೆ ಬರುತ್ತದೆ. ಕಾಗದದ ಮೇಲೆ ಅಚ್ಚಾದ ಆಲೇಖಕ್ಕಾದರೆ ಮಿಲಿಮೀಟರಿನ ಅಳತೆಪಟ್ಟಿಯೇ ಸಾಕು, ಲೆಕ್ಕದ ಕ್ರಮ ಒಂದೇ.

ಅಕ್ಷದ ಮೇಲೆ ಬೆಲೆ ಗೊತ್ತಿರುವ ಎರಡು ಗೆರೆಗಳನ್ನು ಆರಿಸಿಕೊಳ್ಳಬೇಕು, ಅವು ಒಂದಕ್ಕೊಂದು ಸಾಧ್ಯವಾದಷ್ಟು ದೂರವಿರಬೇಕು. ಇಲ್ಲಿ 0 ಎಂಬ ಗೆರೆ 520ನೇ ಪಿಕ್ಸೆಲ್‌ನಲ್ಲಿಯೂ 100 ಎಂಬ ಗೆರೆ 120ನೇ ಪಿಕ್ಸೆಲ್‌ನಲ್ಲಿಯೂ ಇದ್ದರೆ, ನಡುವಿನ ಅಂತರ 400 ಪಿಕ್ಸೆಲ್. ಅಂದರೆ ಒಂದು ಶೇಕಡಾಕ್ಕೆ ನಾಲ್ಕು ಪಿಕ್ಸೆಲ್. 1991ರ ಮಹಿಳೆಯರ ಕಂಬದ ತುದಿ 343ರಲ್ಲಿದೆ ಎಂದುಕೊಂಡರೆ, 520ರಿಂದ 343 ಕಳೆದಾಗ 177 ಸಿಗುತ್ತದೆ. ಅದನ್ನು ನಾಲ್ಕರಿಂದ ಭಾಗಿಸಿದರೆ 44.25. ಅದೇ ವರ್ಷದ ಪುರುಷರ ಕಂಬ 251ರಲ್ಲಿ ನಿಂತಿದ್ದರೆ ಅದರ ಬೆಲೆ 67.25. ಇದೇ ರೀತಿ ಮುಂದುವರಿದರೆ 2001ಕ್ಕೆ ಪುರುಷರಲ್ಲಿ 76, ಮಹಿಳೆಯರಲ್ಲಿ 56.75, 2011ಕ್ಕೆ 82.5 ಮತ್ತು 68 ಎಂದು ಬರುತ್ತದೆ.

ಇಷ್ಟಾದ ಮೇಲೆ ಕಣ್ಣಂದಾಜಿನಿಂದ ಒಮ್ಮೆ ತಾಳೆ ನೋಡಬೇಕು. 1991ರ ಮಹಿಳೆಯರ ಕಂಬ 40ರ ಗೆರೆಯನ್ನು ದಾಟಿದೆ, 60ರ ಗೆರೆಯನ್ನು ಮುಟ್ಟಿಲ್ಲ, 40ಕ್ಕೇ ಹತ್ತಿರವಿದೆ. 44 ಎಂಬುದು ಇದಕ್ಕೆ ಹೊಂದುತ್ತದೆ. ಲೆಕ್ಕದಲ್ಲಿ 34 ಅಥವಾ 54 ಬಂದಿದ್ದರೆ ಎಲ್ಲೋ ಅಂಕಿ ತಪ್ಪಿದೆ ಎಂದು ಅಲ್ಲೇ ಗೊತ್ತಾಗುತ್ತಿತ್ತು. ವರದಿಯ ಪಠ್ಯದಲ್ಲಿ ಒಂದಾದರೂ ಅಂಕಿ ಸಿಕ್ಕರೆ ಅದು ಇನ್ನೂ ಗಟ್ಟಿಯಾದ ಪರೀಕ್ಷೆ. ರಾಜ್ಯದ ಒಟ್ಟು ಸಾಕ್ಷರತೆ 2011ರಲ್ಲಿ ಶೇ. 75.36 ಎಂದು ಪಠ್ಯ ಹೇಳಿದ್ದರೆ, ಅದು ಪುರುಷರ ಮತ್ತು ಮಹಿಳೆಯರ ಪ್ರಮಾಣಗಳ ನಡುವೆಯೇ ಬೀಳಬೇಕು. ಇಬ್ಬರ ಸಂಖ್ಯೆಯೂ ಹೆಚ್ಚುಕಡಿಮೆ ಸಮನಾಗಿರುವುದರಿಂದ ಸರಿಸುಮಾರು ಮಧ್ಯದಲ್ಲೇ ಬೀಳಬೇಕು. 82.5 ಮತ್ತು 68ರ ನಡುಬಿಂದು 75.25. ಅಳತೆ ಸರಿದಾರಿಯಲ್ಲಿದೆ.

ಈಗ ಒಂದು ಎಚ್ಚರಿಕೆ. 44.25 ಎಂಬ ಅಂಕಿಯಲ್ಲಿ ದಶಾಂಶದ ಆಚೆ ಎರಡು ಸ್ಥಾನಗಳಿವೆ ಎಂದ ಮಾತ್ರಕ್ಕೆ ಅಷ್ಟು ನಿಖರತೆ ಚಿತ್ರದಲ್ಲಿ ಇದೆ ಎಂದಲ್ಲ. ಕುಗ್ಗಿಸಿ ಉಳಿಸಿದ ಚಿತ್ರಗಳಲ್ಲಿ ಕಂಬದ ಅಂಚು ಎರಡು ಮೂರು ಪಿಕ್ಸೆಲ್‌ಗಳಷ್ಟು ಮಸುಕಾಗಿರುತ್ತದೆ, ಅಕ್ಷದ ಗೆರೆಗೂ ತನ್ನದೇ ದಪ್ಪವಿರುತ್ತದೆ. ಮಸುಕಿನ ನಡುವನ್ನು ಹಿಡಿದು ಅಳೆದರೂ ಎರಡು ಪಿಕ್ಸೆಲ್ ಅತ್ತಿತ್ತ ಆಗುವುದು ಸಹಜ. ಈ ಚಿತ್ರದಲ್ಲಿ ಅದು ಅರ್ಧ ಶೇಕಡಾಕ್ಕೆ ಸಮ. ಹಾಗಾಗಿ ಬರೆಯುವಾಗ ಪೂರ್ಣಾಂಕವೇ ಸರಿ, ಅದರ ಮುಂದೆ ‘ಸುಮಾರು’ ಎಂಬ ಮಾತು ಇರಬೇಕು. ಜನಗಣತಿಯ ಪ್ರಕಟಿತ ಕೋಷ್ಟಕದಲ್ಲಿ ಮಹಿಳೆಯರ ಪ್ರಮಾಣ 1991ಕ್ಕೆ 44.34, 2001ಕ್ಕೆ 56.87, 2011ಕ್ಕೆ 68.08 ಎಂದಿದೆ. ಪೂರ್ಣಾಂಕಕ್ಕೆ ತಂದಾಗ ಅಳತೆಯಿಂದ ಬಂದದ್ದೂ ಇವೇ ಆಗುತ್ತವೆ, ದಶಾಂಶದಲ್ಲಿ ಮಾತ್ರ ವ್ಯತ್ಯಾಸ.

ಅಳತೆ ಕೆಡುವುದಕ್ಕೆ ಎಲ್ಲಕ್ಕಿಂತ ದೊಡ್ಡ ಕಾರಣ ಸೊನ್ನೆಯಿಂದ ಶುರುವಾಗದ ಅಕ್ಷ. ಇದೇ ಆಲೇಖವನ್ನು 40ರಿಂದ ಆರಂಭಿಸಿ ಬಿಡಿಸಿದರೆ 1991ರ ಮಹಿಳೆಯರ ಕಂಬಕ್ಕೆ ನಾಲ್ಕು ಶೇಕಡಾದಷ್ಟು ಎತ್ತರ ಮಾತ್ರ ಉಳಿಯುತ್ತದೆ, ಪುರುಷರ ಕಂಬಕ್ಕೆ ಇಪ್ಪತ್ತೇಳರಷ್ಟು ಉಳಿಯುತ್ತದೆ. ಕಣ್ಣಿಗೆ ಒಂದು ಇನ್ನೊಂದರ ಆರು ಪಟ್ಟಿಗೂ ಹೆಚ್ಚಾಗಿ ಕಾಣುತ್ತದೆ. ನಿಜದಲ್ಲಿ ಅದು ಒಂದೂವರೆ ಪಟ್ಟು. ಸಾಕ್ಷರತೆಯಲ್ಲಿ ಸ್ತ್ರೀಪುರುಷರ ಅಂತರ ನಿಜವಾಗಿಯೂ ದೊಡ್ಡದು, ಅದನ್ನು ಉಬ್ಬಿಸಿ ತೋರಿಸುವ ಅಗತ್ಯ ಯಾರಿಗೂ ಇಲ್ಲ. ಎರಡು ಗುರುತುಗಳ ನಡುವಿನ ದೂರದಿಂದ ಲೆಕ್ಕ ಹಾಕಿ, ಕೆಳಗಿನ ಗೆರೆಯ ಬೆಲೆಯನ್ನು ಕೊನೆಗೆ ಕೂಡಿಸಿದರೆ ಇಂಥ ಅಕ್ಷದಿಂದಲೂ ಸರಿಯಾದ ಅಂಕಿಯೇ ಬರುತ್ತದೆ. ಮೋಸ ಹೋಗುವುದು ಕಂಬಗಳ ಎತ್ತರವನ್ನು ನೇರವಾಗಿ ಹೋಲಿಸಿದಾಗ.

ದಪ್ಪ ಪೆಟ್ಟಿಗೆಯಂತೆ, ಮೂರು ಆಯಾಮಗಳಲ್ಲಿ ಬಿಡಿಸಿದ ಕಂಬಗಳು ಇನ್ನೊಂದು ತೊಡಕು. ಅಡ್ಡಗೆರೆಗಳು ಹಿಂದಿನ ಗೋಡೆಯ ಮೇಲಿರುತ್ತವೆ, ಕಂಬ ಅದರ ಮುಂದೆ ನಿಂತಿರುತ್ತದೆ. ಮುಂದಿನ ಮುಖದ ತುದಿಯನ್ನು ಹಿಂದಿನ ಗೆರೆಗೆ ಹೋಲಿಸಿದರೆ ಎಲ್ಲ ಬೆಲೆಗಳೂ ಒಂದೇ ದಿಕ್ಕಿಗೆ ತಪ್ಪುತ್ತವೆ. ಪಠ್ಯದಲ್ಲಿ ಕೊಟ್ಟಿರುವ ಯಾವುದಾದರೂ ಅಂಕಿಯೊಡನೆ ತಾಳೆ ನೋಡಿದಾಗ ಈ ತಪ್ಪು ಬಯಲಾಗುತ್ತದೆ. ಒಂದರ ಮೇಲೊಂದು ಪೇರಿಸಿದ ಕಂಬಗಳಲ್ಲಿ ಮೇಲಿನ ಭಾಗದ ಬೆಲೆ ತಿಳಿಯಲು ಅದರ ತುದಿಯಿಂದ ಬುಡವನ್ನು ಕಳೆಯಬೇಕು. ಮೊಬೈಲಿನಲ್ಲಿ ಓರೆಯಾಗಿ ಹಿಡಿದು ತೆಗೆದ ಪುಟದ ಚಿತ್ರವನ್ನಂತೂ ಅಳೆಯದಿರುವುದೇ ವಾಸಿ. ಎಡಗಡೆಯ ಒಂದು ಪಿಕ್ಸೆಲ್ ಬಲಗಡೆಯ ಒಂದು ಪಿಕ್ಸೆಲ್‌ಗೆ ಸಮ ಇರುವುದಿಲ್ಲ.

ಅಂಕಿಗಳು ಕೈಗೆ ಬಂದ ಮೇಲೆ ಅವನ್ನೆಲ್ಲ ಸಾಲಾಗಿ ವಾಕ್ಯಕ್ಕೆ ಸುರಿಯುವ ಆಸೆ ಹುಟ್ಟುತ್ತದೆ. ‘1991ರಲ್ಲಿ ಪುರುಷರು 67, ಮಹಿಳೆಯರು 44, 2001ರಲ್ಲಿ ಪುರುಷರು 76, ಮಹಿಳೆಯರು 57...’ ಎಂದು ಆರೂ ಕಂಬಗಳನ್ನು ಹೇಳಿ ಮುಗಿಸಿದರೆ ಅದು ಚಿತ್ರದ ವಾಚನವೇ ಹೊರತು ಕಂಡುಬಂದ ಅಂಶವಲ್ಲ. ಓದುಗರಿಗೆ ಬೇಕಾದದ್ದು ಕಂಬಗಳ ನಡುವಿನ ಸಂಬಂಧ. ಇಲ್ಲಿ ಆ ಸಂಬಂಧ ಅಂತರದಲ್ಲಿದೆ. ಪ್ರತಿ ಜೋಡಿಯಲ್ಲೂ ಪುರುಷರ ಬೆಲೆಯಿಂದ ಮಹಿಳೆಯರ ಬೆಲೆಯನ್ನು ಕಳೆದರೆ 23, 19.25, 14.5 ಸಿಗುತ್ತವೆ. ಇಬ್ಬರ ಸಾಕ್ಷರತೆಯೂ ಏರಿದೆ, ಮಹಿಳೆಯರದು ಹೆಚ್ಚು ಏರಿದೆ, ಅಂತರ ಕುಗ್ಗಿದೆ, ಆದರೆ ಮುಚ್ಚಿಲ್ಲ. ವಾಕ್ಯವೃಂದದ ತಿರುಳು ಇಷ್ಟೇ. ಪೂರ್ಣಾಂಕಕ್ಕೆ ತರುವುದನ್ನು ಕಳೆದ ಮೇಲೆಯೇ ಮಾಡಬೇಕು, ಇಲ್ಲವಾದರೆ ಸಣ್ಣ ತಪ್ಪು ದೊಡ್ಡದಾಗುತ್ತದೆ. ಎರಡು ಅಳತೆಗಳ ತಪ್ಪು ಒಂದೇ ವ್ಯತ್ಯಾಸದಲ್ಲಿ ಸೇರುವುದರಿಂದ ಅಂತರದಲ್ಲಿ ಒಂದು ಅಂಶದವರೆಗೆ ಹೆಚ್ಚುಕಡಿಮೆ ಇದ್ದೇ ಇರುತ್ತದೆ, 14.5 ಅನ್ನು ‘14ರಿಂದ 15’ ಎಂದು ಬರೆಯುವುದು ಪ್ರಾಮಾಣಿಕ.

ಇದೇ ಹಂತದಲ್ಲಿ ಶೇಕಡಾದ ಗೊಂದಲವೂ ಬರುತ್ತದೆ. ಮಹಿಳೆಯರ ಸಾಕ್ಷರತೆ 44ರಿಂದ 68ಕ್ಕೆ ಏರಿದ್ದನ್ನು ‘ಶೇ. 24ರಷ್ಟು ಹೆಚ್ಚಳ’ ಎಂದು ಬರೆಯುವುದು ಪತ್ರಿಕೆಗಳಲ್ಲೂ ಕಾಣುವ ರೂಢಿ. ಏರಿದ್ದು 24 ಶೇಕಡಾ ಅಂಶಗಳು. ಮೊದಲಿದ್ದ 44ಕ್ಕೆ ಹೋಲಿಸಿದರೆ ಹೆಚ್ಚಳ ಅರ್ಧಕ್ಕಿಂತ ಜಾಸ್ತಿ, ಸುಮಾರು ಶೇ. 54. ಎರಡೂ ಸರಿಯಾದ ಲೆಕ್ಕಗಳೇ, ಆದರೆ ಯಾವುದನ್ನು ಹೇಳುತ್ತಿದ್ದೇವೆ ಎಂಬುದು ವಾಕ್ಯದಲ್ಲಿ ಸ್ಪಷ್ಟವಾಗಿರಬೇಕು. ಪ್ರಮಾಣಗಳ ಹೋಲಿಕೆಗೆ ಶೇಕಡಾ ಅಂಶವೇ ಸುಲಭ.

ಇವೆಲ್ಲ ಕೂಡಿದರೆ ಬರಹ ಹೀಗೆ ಬರಬಹುದು: ‘ಕರ್ನಾಟಕದಲ್ಲಿ 1991ರಿಂದ 2011ರವರೆಗಿನ ಮೂರು ಜನಗಣತಿಗಳಲ್ಲಿ, ಏಳು ವರ್ಷ ಮತ್ತು ಮೇಲ್ಪಟ್ಟವರ ಸಾಕ್ಷರತೆ ಪುರುಷರಲ್ಲೂ ಮಹಿಳೆಯರಲ್ಲೂ ಏರಿದೆ, ಮಹಿಳೆಯರಲ್ಲಿ ಏರಿಕೆ ಹೆಚ್ಚು. ಮಹಿಳೆಯರ ಪ್ರಮಾಣ ಸುಮಾರು ಶೇ. 44ರಿಂದ ಸುಮಾರು ಶೇ. 68ಕ್ಕೂ, ಪುರುಷರದು ಸುಮಾರು ಶೇ. 67ರಿಂದ ಸುಮಾರು ಶೇ. 82-83ಕ್ಕೂ ತಲುಪಿದೆ. ಇಬ್ಬರ ನಡುವಿನ ಅಂತರ ಸುಮಾರು 23 ಶೇಕಡಾ ಅಂಶಗಳಿಂದ 14-15ಕ್ಕೆ ಇಳಿದಿದೆ. ಆದರೂ 2011ರ ಮಹಿಳೆಯರ ಪ್ರಮಾಣ, ಪುರುಷರು 1991ರಲ್ಲಿ ತಲುಪಿದ್ದ ಮಟ್ಟಕ್ಕಿಂತ ಹೆಚ್ಚೇನೂ ಮೇಲಿಲ್ಲ.’ ಕೊನೆಯ ವಾಕ್ಯ ಬೇರೆ ಬೇರೆ ಜೋಡಿಗಳ ಕಂಬಗಳನ್ನು ಅಡ್ಡವಾಗಿ ಹೋಲಿಸಿದಾಗ ಮಾತ್ರ ಕಾಣುವಂಥದ್ದು. ಮಹಿಳೆಯರು ಇಪ್ಪತ್ತು ವರ್ಷ ಹಿಂದುಳಿದಿದ್ದರು ಎಂಬುದನ್ನು ಅದು ಯಾವ ವಿಶೇಷಣವೂ ಇಲ್ಲದೆ ತಿಳಿಸುತ್ತದೆ.

ಈ ವಾಕ್ಯವೃಂದದಲ್ಲಿ ಇಲ್ಲದ ಸಂಗತಿಗಳನ್ನೂ ಗಮನಿಸಬೇಕು. ಏರಿಕೆಗೆ ಕಾರಣವೇನು ಎಂಬ ಮಾತು ಅಲ್ಲಿಲ್ಲ. ರಾಷ್ಟ್ರೀಯ ಸಾಕ್ಷರತಾ ಮಿಷನ್ 1988ರಲ್ಲಿ ಆರಂಭವಾಯಿತು ಎಂಬುದು ನಿಜವೇ. ಆದರೆ ಏರಿಕೆ ಅದರಿಂದಲೇ ಆಯಿತು ಎಂದು ಈ ಆರು ಕಂಬಗಳು ಹೇಳಲಾರವು. ವರ್ಷಕ್ಕೆ ಇಷ್ಟು ಏರಿತು ಎಂದೂ ಬರೆದಿಲ್ಲ, ಏಕೆಂದರೆ ನಡುವಿನ ವರ್ಷಗಳಿಗೆ ಕಂಬಗಳೇ ಇಲ್ಲ. ಎಷ್ಟು ಜನ ಅನಕ್ಷರಸ್ಥರು ಉಳಿದಿದ್ದಾರೆ ಎಂಬುದೂ ಪ್ರಮಾಣದಿಂದ ತಿಳಿಯುವುದಿಲ್ಲ, ಅದಕ್ಕೆ ಜನಸಂಖ್ಯೆ ಬೇಕು. ಇಂಥ ಮಾತುಗಳು ಬೇಕೆನಿಸಿದರೆ ಅವಕ್ಕೆ ಬೇರೆ ಆಧಾರ ಕೊಟ್ಟು ಬೇರೆ ವಾಕ್ಯವೃಂದದಲ್ಲಿ ಬರೆಯಬೇಕು.

ಬರಹದ ಕೆಳಗೆ ಮೂಲ ವರದಿಯ ಹೆಸರು, ಪುಟ ಮತ್ತು ಆಲೇಖದ ಸಂಖ್ಯೆಯ ಜೊತೆಗೆ ‘ಬೆಲೆಗಳನ್ನು ಚಿತ್ರದಿಂದ ಅಳೆದು ಅಂದಾಜಿಸಿದೆ, ಅರ್ಧ ಶೇಕಡಾದಷ್ಟು ವ್ಯತ್ಯಾಸ ಇರಬಹುದು’ ಎಂಬ ಒಂದು ಸಾಲು ಇರಬೇಕು. ಅಳೆದ ಪಿಕ್ಸೆಲ್ ಸಂಖ್ಯೆಗಳನ್ನೂ ಬೇರೆಡೆ ಬರೆದಿಟ್ಟುಕೊಂಡರೆ ಇನ್ನೊಬ್ಬರು ಅಳತೆಯನ್ನು ಪರೀಕ್ಷಿಸಬಹುದು. ಮುಂದೆ ಮೂಲ ಕೋಷ್ಟಕ ಸಿಕ್ಕಿದಾಗ ಅಂದಾಜುಗಳ ಜಾಗದಲ್ಲಿ ಅದರ ಅಂಕಿಗಳನ್ನು ಹಾಕಿ, ವ್ಯತ್ಯಾಸಗಳನ್ನು ಮತ್ತೆ ಲೆಕ್ಕ ಮಾಡಿ, ‘ಸುಮಾರು’ ಎಂಬ ಮಾತನ್ನೂ ಕೆಳಗಿನ ಸಾಲನ್ನೂ ತೆಗೆದುಹಾಕಬೇಕು.