ಗೋಲದ ಮೇಲಣ ನೇರದಾರಿ: ಹ್ಯಾವರ್ಸೈನ್ ಸೂತ್ರದ ಚರಿತ್ರೆ ಮತ್ತು ಮೇರೆ



ಭೂಪಟವನ್ನು ಮೇಜಿನ ಮೇಲೆ ಹರಡಿ, ಎರಡು ಊರುಗಳ ನಡುವೆ ಅಳತೆಪಟ್ಟಿಯನ್ನಿಟ್ಟು ಗೆರೆಯೆಳೆದಾಗ ನಮಗೆ ದೊರೆಯುವ ಅಂತರವು ಕಾಗದದ ಅಂತರವೇ ಹೊರತು ಭೂಮಿಯದಲ್ಲ. ಭೂಮಿ ದುಂಡಾಗಿರುವುದರಿಂದ, ಅದರ ಮೇಲ್ಮೈಯನ್ನು ಬಿಡದೆ ಒಂದು ಬಿಂದುವಿನಿಂದ ಇನ್ನೊಂದಕ್ಕೆ ಸಾಗುವ ಅತ್ಯಂತ ಹ್ರಸ್ವವಾದ ದಾರಿಯು, ಭೂಕೇಂದ್ರದ ಮೂಲಕ ಹಾಯುವ ಸಮತಲವೊಂದು ಆ ಮೇಲ್ಮೈಯನ್ನು ಕಡಿದಾಗ ಉಂಟಾಗುವ ಮಹಾವೃತ್ತದ ಒಂದು ಖಂಡವಾಗಿರುತ್ತದೆ. ಎರಡು ಸ್ಥಳಗಳ ಅಕ್ಷಾಂಶ ರೇಖಾಂಶಗಳಿಂದ ಈ ಖಂಡದ ಉದ್ದವನ್ನು ತಿಳಿಸತಕ್ಕ ಹ್ಯಾವರ್ಸೈನ್ ಸೂತ್ರವು ಎಲ್ಲಿಂದ ಬಂದಿತು, ಏಕೆ ಉಳಿದುಕೊಂಡಿತು, ಎಲ್ಲಿ ನಮ್ಮನ್ನು ದಾರಿತಪ್ಪಿಸುತ್ತದೆ ಎಂಬುದನ್ನು ಈ ಹೊತ್ತು ವಿಚಾರ ಮಾಡೋಣ.

ಸೂತ್ರದ ಹೃದಯದಲ್ಲಿರುವ ಪರಿಮಾಣವು ನಮ್ಮ ಪ್ರಾಚೀನ ಗಣಿತಜ್ಞರಿಗೆ ಪರಿಚಿತವಾಗಿದ್ದುದೇ ಆಗಿದೆ. ವೃತ್ತದ ತ್ರಿಜ್ಯದಿಂದ ಒಂದು ಕೋನದ ಕೋಟಿಜ್ಯೆಯನ್ನು ಕಳೆದಾಗ ಉಳಿಯುವುದನ್ನು ಅವರು ಉತ್ಕ್ರಮಜ್ಯಾ ಎಂದರು. ಚಾಪವನ್ನು ಬಿಲ್ಲೆಂದೂ ಜ್ಯಾವನ್ನು ಹೆದೆಯೆಂದೂ ಭಾವಿಸಿದ ಆ ಪರಂಪರೆಯಲ್ಲಿ, ಎರಡರ ನಡುವೆ ನಿಲ್ಲುವ ಈ ಅಂತರಕ್ಕೆ ಶರವೆಂಬ ಹೆಸರೂ ಸಂದಿತು. ಸೂರ್ಯಸಿದ್ಧಾಂತವು ತ್ರಿಜ್ಯವನ್ನು 3438 ಎಂದಿಟ್ಟುಕೊಂಡು, ಇಪ್ಪತ್ತನಾಲ್ಕು ಜ್ಯಾಗಳ ಜೊತೆಗೆ ಇಪ್ಪತ್ತನಾಲ್ಕು ಉತ್ಕ್ರಮಜ್ಯಾಗಳನ್ನೂ ಕೊಡುತ್ತದೆ. ಉತ್ಕ್ರಮಜ್ಯೆಯ ಅರ್ಧವು ಅರ್ಧಕೋನದ ಜ್ಯಾದ ವರ್ಗಕ್ಕೆ ಸಮಾನವೆಂಬ ಸಂಬಂಧವನ್ನು, ತ್ರಿಜ್ಯವನ್ನು ಒಂದೆಂದು ಭಾವಿಸಿ ಇಂದು ನಾವು ಹೇಳುವುದಕ್ಕೆ ತುಲ್ಯವಾದ ರೀತಿಯಲ್ಲಿ, ಆರನೆಯ ಶತಮಾನದ ವರಾಹಮಿಹಿರನು ಪಂಚಸಿದ್ಧಾಂತಿಕೆಯಲ್ಲಿ ಬಳಸಿದ್ದಾನೆ. ಉತ್ಕ್ರಮಜ್ಯೆಯ ಆ ಅರ್ಧವೇ ಹ್ಯಾವರ್ಸೈನ್.

ಆದರೆ ದೂರವನ್ನು ಎಣಿಸುವ ಉಪಕರಣವಾಗಿ ಅದಕ್ಕೆ ಪ್ರತಿಷ್ಠೆ ಬಂದುದು ಸಮುದ್ರದ ಮೇಲೆ. ಗೋಲೀಯ ತ್ರಿಕೋಣಮಿತಿಯಲ್ಲಿ ಮಹಾವೃತ್ತದ ದೂರಕ್ಕೆ ಕೋಟಿಜ್ಯೆಯ ಒಂದು ನಿಯಮವು ಮೊದಲೇ ಇದ್ದಿತು. ಆದರೆ ಕೋನವು 90 ಡಿಗ್ರಿಯನ್ನು ಮೀರಿದೊಡನೆ ಕೋಟಿಜ್ಯೆಯು ಋಣವಾಗುತ್ತದೆ, ಋಣಸಂಖ್ಯೆಗೆ ಲಾಗರಿಥಮ್ ಇಲ್ಲ, ಲಾಗರಿಥಮ್ ಕೋಷ್ಟಕವನ್ನು ಬಿಟ್ಟರೆ ಹಡಗಿನ ಅಧಿಕಾರಿಗೆ ಗುಣಾಕಾರ ಮಾಡಲು ಬೇರೆ ಸುಲಭೋಪಾಯವೂ ಇರಲಿಲ್ಲ. ಹ್ಯಾವರ್ಸೈನಾದರೋ ಸೊನ್ನೆಗೂ ಒಂದಕ್ಕೂ ನಡುವೆ ಇರತಕ್ಕದ್ದು, ಎಂದಿಗೂ ಋಣವಾಗದ್ದು. ಆದುದರಿಂದ ಅದರ ಕೋಷ್ಟಕವೊಂದಿದ್ದರೆ ಅಲೆಗಳ ಮೇಲೆ ಹೊಯ್ದಾಡುವ ಹಡಗಿನಲ್ಲಿಯೂ ಚಿಹ್ನೆಯ ಗೊಂದಲವಿಲ್ಲದೆ, ವರ್ಗಮೂಲ ತೆಗೆಯುವ ಶ್ರಮವಿಲ್ಲದೆ ಲೆಕ್ಕ ಮುಗಿಯುತ್ತಿತ್ತು. ಸ್ಪೇನಿನ ಹೊಸೆ ದೆ ಮೆಂದೋಸಾ ಈ ರಿಯೋಸ್ ಮತ್ತು ಬ್ರಿಟನ್ನಿನ ಜೇಮ್ಸ್ ಆಂಡ್ರೂ 1805ರ ವೇಳೆಗೆ ಇಂತಹ ಕೋಷ್ಟಕಗಳನ್ನು ಪ್ರಕಟಿಸಿದ್ದರು. ಇಂಗ್ಲಿಷ್ ಗಣಿತಜ್ಞ ಜೇಮ್ಸ್ ಇನ್‌ಮನ್ 1835ರಲ್ಲಿ ತನ್ನ ನೌಕಾಗ್ರಂಥದಲ್ಲಿ ಇದಕ್ಕೆ ಹ್ಯಾವರ್ಸೈನ್ ಎಂಬ ಹೆಸರನ್ನಿಟ್ಟನು.

ಕೋಷ್ಟಕಗಳ ಕಾಲ ಮುಗಿದು ಗಣಕಯಂತ್ರಗಳ ಕಾಲ ಬಂದಾಗ ಈ ಸೂತ್ರವು ಅನಾವಶ್ಯಕವಾಗಬೇಕಾಗಿತ್ತು. ಹಾಗಾಗಲಿಲ್ಲ, ಕಾರಣ ಸ್ವಾರಸ್ಯವಾದುದು. ಒಂದು ಕಿಲೋಮೀಟರ್ ಅಂತರದಲ್ಲಿರುವ ಎರಡು ಬಿಂದುಗಳು ಭೂಕೇಂದ್ರದಲ್ಲಿ ರಚಿಸುವ ಕೋನವು ಅತ್ಯಲ್ಪವಾದುದರಿಂದ, ಅದರ ಕೋಟಿಜ್ಯೆಯು ಸುಮಾರು 0.9999999877. ಏಳೇ ಅಂಕಿಗಳನ್ನು ಉಳಿಸಿಕೊಳ್ಳುವ ಯಂತ್ರವು ಇದನ್ನು ಒಂದು ಎಂದೇ ಬರೆದುಕೊಳ್ಳುತ್ತದೆ. ಒಂದರ ಕೋನ ಸೊನ್ನೆ. ಆಗ ಎರಡು ಬಿಂದುಗಳೂ ಒಂದೇ ಸ್ಥಳದಲ್ಲಿವೆಯೆಂದು ಯಂತ್ರವು ಹೇಳಿಬಿಡುತ್ತದೆ. ಅದೇ ಕೋನದ ಹ್ಯಾವರ್ಸೈನು ಸೊನ್ನೆಗೆ ಸಮೀಪವಾದ ಸಣ್ಣ ಸಂಖ್ಯೆಯಾದ ಕಾರಣ ಅದರ ಅಂಕಿಗಳೊಂದೂ ನಷ್ಟವಾಗವು. ಈ ಗುಣವನ್ನು 1984ರಲ್ಲಿ ರೋಜರ್ ಸಿನ್ನಾಟ್ ಎಂಬವರು ಅಮೆರಿಕದ ‘ಸ್ಕೈ ಅಂಡ್ ಟೆಲಿಸ್ಕೋಪ್’ ಪತ್ರಿಕೆಯಲ್ಲಿ ಎತ್ತಿ ತೋರಿಸಿದರು. ಇಂದಿನ ಯಂತ್ರಗಳು ಹದಿನೈದು ಅಂಕಿಗಳಿಗೂ ಮಿಕ್ಕು ಉಳಿಸಿಕೊಳ್ಳುವುದರಿಂದ ಆ ದೋಷವು ಬಹುಮಟ್ಟಿಗೆ ಮರೆಯಾಗಿದೆ. ಸೂತ್ರ ಮಾತ್ರ ವಾಡಿಕೆಯಲ್ಲಿ ಉಳಿದಿದೆ.

ಇನ್ನು ಲೆಕ್ಕವನ್ನೇ ಮಾಡಿ ನೋಡೋಣ. ಬೆಂಗಳೂರನ್ನು ಉತ್ತರ ಅಕ್ಷಾಂಶ 12.97, ಪೂರ್ವ ರೇಖಾಂಶ 77.59 ಎಂದೂ, ಮಂಗಳೂರನ್ನು 12.91 ಮತ್ತು 74.86 ಎಂದೂ ಇಟ್ಟುಕೊಳ್ಳೋಣ. ಅಕ್ಷಾಂಶಗಳ ವ್ಯತ್ಯಾಸ 0.06 ಡಿಗ್ರಿ, ಅದನ್ನು ಅರ್ಧಿಸಿ, ಜ್ಯಾವನ್ನು ತೆಗೆದು ವರ್ಗಿಸಬೇಕು. ರೇಖಾಂಶಗಳ ವ್ಯತ್ಯಾಸ 2.73 ಡಿಗ್ರಿ, ಅದನ್ನೂ ಹಾಗೆಯೇ ಅರ್ಧಿಸಿ, ಜ್ಯಾವನ್ನು ವರ್ಗಿಸಿ, ಬಳಿಕ ಎರಡು ಅಕ್ಷಾಂಶಗಳ ಕೋಟಿಜ್ಯೆಗಳಿಂದಲೂ ಗುಣಿಸಬೇಕು, ಏಕೆಂದರೆ ರೇಖಾಂಶದ ಗೆರೆಗಳು ಧ್ರುವದತ್ತ ಸಾಗಿದಂತೆಲ್ಲ ಒಂದಕ್ಕೊಂದು ಹತ್ತಿರವಾಗುತ್ತವೆ. ಈ ಎರಡು ಫಲಗಳ ಮೊತ್ತ ಸುಮಾರು 0.000539, ಅದರ ವರ್ಗಮೂಲ 0.02322. ಯಾವ ಕೋನದ ಜ್ಯಾ ಇದಾಗಿದೆಯೋ ಆ ಕೋನವನ್ನು ರೇಡಿಯನ್‌ಗಳಲ್ಲಿ ಪಡೆದು, ಇಮ್ಮಡಿಸಿ, ಭೂಮಿಯ ಸರಾಸರಿ ತ್ರಿಜ್ಯವಾದ 6371 ಕಿಲೋಮೀಟರಿನಿಂದ ಗುಣಿಸಿದರೆ 295.9 ಕಿಲೋಮೀಟರ್ ಬರುತ್ತದೆ.

ಈ ಉತ್ತರವನ್ನು ಎಷ್ಟರಮಟ್ಟಿಗೆ ನಂಬಬಹುದು? ಭೂಮಿಯು ಪರಿಶುದ್ಧವಾದ ಗೋಲವಲ್ಲ. ಸಮಭಾಜಕದಲ್ಲಿ ಅದರ ತ್ರಿಜ್ಯ 6378 ಕಿಲೋಮೀಟರ್, ಧ್ರುವದಲ್ಲಿ 6357. ಈ ಚಪ್ಪಟೆತನವನ್ನು ಲೆಕ್ಕಕ್ಕೆ ಹಿಡಿದರೆ ಬೆಂಗಳೂರು ಮಂಗಳೂರುಗಳ ಅಂತರ 296.3 ಕಿಲೋಮೀಟರ್ ಆಗುತ್ತದೆ. ಅಂದರೆ ನಮ್ಮ ಸೂತ್ರವು ಸುಮಾರು ನಾನೂರು ಮೀಟರ್ ಕಡಿಮೆ ಹೇಳಿತು. ಅದೇ ಬೆಂಗಳೂರಿನಿಂದ ದಕ್ಷಿಣಾಭಿಮುಖವಾಗಿ ಕನ್ಯಾಕುಮಾರಿಗೆ ಎಣಿಸಿದರೆ ಸೂತ್ರವು 543.8 ಕಿಲೋಮೀಟರ್ ಎನ್ನುತ್ತದೆ. ಚಪ್ಪಟೆಯಾದ ಭೂಮಿಯ ಮೇಲಣ ದೂರ 540.9 ಮಾತ್ರ. ಇಲ್ಲಿ ಹೆಚ್ಚುಕಡಿಮೆ ಮೂರು ಕಿಲೋಮೀಟರ್ ಅಧಿಕ! ಪೂರ್ವಪಶ್ಚಿಮವಾಗಿ ಕೊರತೆ, ಉತ್ತರದಕ್ಷಿಣವಾಗಿ ಆಧಿಕ್ಯ: ನಮ್ಮ ಅಕ್ಷಾಂಶದಲ್ಲಿ ಭೂಮಿಯ ವಕ್ರತೆಯು ಎರಡು ದಿಕ್ಕುಗಳಲ್ಲಿಯೂ ಒಂದೇ ಆಗಿಲ್ಲದಿರುವಾಗ, ಒಂದೇ ತ್ರಿಜ್ಯವನ್ನು ಹಿಡಿದು ಹೊರಟ ಸೂತ್ರಕ್ಕೆ ಬೇರೆ ಗತಿಯಿಲ್ಲ. ದೋಷವು ನೂರಕ್ಕೆ ಅರ್ಧವನ್ನು ಮೀರಿದರೂ ತುಸುವೇ ಮೀರುತ್ತದೆ. ಆದರೂ ತ್ರಿಜ್ಯವನ್ನು ತುಸು ಹಿಗ್ಗಿಸಿ ಒಂದು ದಿಕ್ಕನ್ನು ಸರಿಪಡಿಸಿದರೆ ಇನ್ನೊಂದು ದಿಕ್ಕು ಮತ್ತಷ್ಟು ಕೆಡುತ್ತದೆಯೆಂಬುದನ್ನು ನೆನಪಿಡತಕ್ಕದ್ದು.

ನಮ್ಮ ನಾಡಿಗೂ ಈ ಚಪ್ಪಟೆತನದ ಶೋಧಕ್ಕೂ ಸಂಬಂಧವುಂಟು. ವಿಲಿಯಂ ಲ್ಯಾಂಬ್ಟನ್ 1802ರಲ್ಲಿ ಮದರಾಸಿನಲ್ಲಿ ಆಧಾರರೇಖೆಯನ್ನು ಅಳೆದು ಆರಂಭಿಸಿದ ತ್ರಿಕೋಣಮಾಪನವು, 1804ರಲ್ಲಿ ಬೆಂಗಳೂರಿನ ಬಳಿ ಅಳೆದ ಮತ್ತೊಂದು ಆಧಾರರೇಖೆಯಿಂದ ಪರಿಶೀಲಿತವಾಯಿತು. ಕನ್ಯಾಕುಮಾರಿಯ ಸಮೀಪದಿಂದ ಹಿಮಾಲಯದ ತಪ್ಪಲಿನವರೆಗೆ, ಸುಮಾರು 78 ಡಿಗ್ರಿ ರೇಖಾಂಶವನ್ನು ಅನುಸರಿಸಿ ಬೆಳೆದ ಆ ಮಹಾಚಾಪದ ಉದ್ದೇಶಗಳಲ್ಲಿ ಭೂಮಿಯ ಆಕಾರವನ್ನು ನಿರ್ಣಯಿಸುವುದೂ ಒಂದಾಗಿದ್ದಿತು. ಲ್ಯಾಂಬ್ಟನ್ನನ ಉತ್ತರಾಧಿಕಾರಿ ಜಾರ್ಜ್ ಎವರೆಸ್ಟನು 1830ರಲ್ಲಿ ಕೊಟ್ಟ ಚಪ್ಪಟೆಗೋಲದ ಅಳತೆಗಳ ಮೇಲೆಯೇ ಭಾರತದ ಹಳೆಯ ಭೂಪಟಗಳು ನಿಂತವು. ನಾವು ಈಗ ತಾನೆ ಮೂರು ಕಿಲೋಮೀಟರಿನ ದೋಷವನ್ನು ಕಂಡ ದಿಕ್ಕು ಆ ಚಾಪದ ದಿಕ್ಕೇ ಆಗಿದೆ. ಗಡಿಯನ್ನು ಗುರುತಿಸುವ, ಸುರಂಗವನ್ನು ಕೊರೆಯುವ ಕೆಲಸಕ್ಕೆ ಹ್ಯಾವರ್ಸೈನ್ ಸಲ್ಲದು. ಅಲ್ಲಿಗೆ 1975ರಲ್ಲಿ ವಿನ್ಸೆಂಟಿಯೂ 2013ರಲ್ಲಿ ಕಾರ್ನಿಯೂ ಪ್ರಕಟಿಸಿದಂತಹ, ಚಪ್ಪಟೆಗೋಲದ ಮೇಲೆಯೇ ಎಣಿಸುವ ವಿಧಾನಗಳು ಬೇಕು.

ಸೂತ್ರವು ನಿರ್ದೋಷವಾಗಿದ್ದು ನಾವು ಕೊಟ್ಟ ಅಂಕಿಗಳೇ ಕೆಟ್ಟಿರುವ ಪ್ರಸಂಗವು ಇದಕ್ಕಿಂತ ಸಾಮಾನ್ಯ. ಕೆಲವರು ಅಕ್ಷಾಂಶವನ್ನು ಮೊದಲು ಬರೆಯುವರು, ಕೆಲವರು ರೇಖಾಂಶವನ್ನು. ಕ್ರಮ ಅದಲುಬದಲಾದರೆ ಬೆಂಗಳೂರು ಉತ್ತರಧ್ರುವದ ಕಡೆಗೆ ಸರಿದು, ಸ್ಪಿಟ್ಸ್‌ಬರ್ಗನ್ ದ್ವೀಪದ ಪಶ್ಚಿಮದ ಶೀತಲ ಸಮುದ್ರದಲ್ಲಿ ಹೋಗಿ ನಿಲ್ಲುತ್ತದೆ. ಇಂತಹ ಪ್ರಮಾದವು ತಾನಾಗಿಯೇ ಬಯಲಾದೀತೆಂದು ನಂಬುವಂತಿಲ್ಲ. ಬೆಂಗಳೂರು ಮಂಗಳೂರುಗಳೆರಡರ ಕ್ರಮವೂ ಹೀಗೆ ತಪ್ಪಿದರೆ ಸೂತ್ರವು ಕೊಡುವ ಉತ್ತರ 303.6 ಕಿಲೋಮೀಟರ್, ಸರಿಯಾದ ಉತ್ತರಕ್ಕೆ ಅದು ಎಷ್ಟು ಸಮೀಪವೆಂದರೆ ಯಾರಿಗೂ ಸಂದೇಹವೇ ಹುಟ್ಟದು. ಅದೇ ತಪ್ಪು ಬೆಂಗಳೂರು ಕನ್ಯಾಕುಮಾರಿಗಳಿಗೆ 544ರ ಬದಲು 117 ಕಿಲೋಮೀಟರನ್ನು ಕೊಟ್ಟು ಒಡನೆಯೇ ಸಿಕ್ಕಿಬೀಳುತ್ತದೆ. ಆದುದರಿಂದ ಲೆಕ್ಕವನ್ನು ಪರೀಕ್ಷಿಸುವವರು, ಒಂದರ ದಕ್ಷಿಣಕ್ಕೆ ಇನ್ನೊಂದಿರುವ ಜೋಡಿಯನ್ನು ತಪ್ಪದೆ ಆರಿಸಿಕೊಳ್ಳತಕ್ಕದ್ದು. ಅಕ್ಷಾಂಶದ ಒಂದು ಡಿಗ್ರಿಗೆ ಸುಮಾರು 111 ಕಿಲೋಮೀಟರ್ ಎಂಬ ಸ್ಥೂಲಮಾನವು ಮನಸ್ಸಿನಲ್ಲಿದ್ದರೆ ಕಾಗದವಿಲ್ಲದೆಯೇ ಅದನ್ನು ಪರಿಶೀಲಿಸಬಹುದು.

ಅಂಕಿಗಳೂ ಸರಿಯಾಗಿ, ಭೂಮಿಯ ಆಕಾರವೂ ಸರಿಹೋದ ಮೇಲೆ ಉಳಿಯುವ ಭ್ರಾಂತಿಯು ಎಲ್ಲಕ್ಕಿಂತ ದೊಡ್ಡದು; ಅದು ನೇರದೂರವನ್ನು ಪ್ರಯಾಣದ ದೂರವೆಂದು ಭಾವಿಸುವ ಭ್ರಾಂತಿ. ಬೆಂಗಳೂರಿನಿಂದ ಮಂಗಳೂರಿಗೆ ಘಟ್ಟವನ್ನಿಳಿದು ಹೋಗುವ ರಸ್ತೆಯು ಸುಮಾರು 350 ಕಿಲೋಮೀಟರ್. ಇಲ್ಲಿ ವ್ಯತ್ಯಾಸವು ನೇರದೂರದ ಆರನೆಯ ಒಂದು ಪಾಲಿಗಿಂತ ತುಸು ಹೆಚ್ಚು. ಆದರೆ ಈ ಪ್ರಮಾಣವನ್ನೇ ಎಲ್ಲೆಡೆಯೂ ಹಚ್ಚಲಾಗದು. ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟು ಬಂದ ಮೇಲೆ, ಸಾಗರದ ಕಡೆಯ ಅಂಬಾರಗೋಡ್ಲಿಗೂ ಸಿಗಂದೂರಿನ ಕಡೆಯ ಕಳಸವಳ್ಳಿಗೂ ನಡುವೆ ಹಿನ್ನೀರು ಹರಡಿತು. ದಡದಿಂದ ದಡಕ್ಕೆ ನೇರದೂರವು ಎರಡು ಕಿಲೋಮೀಟರಿಗೆ ತುಸು ಮಿಕ್ಕಷ್ಟೇ. ಆದರೆ ಅಲ್ಲಿಯ ಜನರು ದಶಕಗಳ ಕಾಲ ಲಾಂಚಿಗಾಗಿ ದಡದಲ್ಲಿ ಕಾದರು. ದಿನದ ಲಾಂಚು ನಿಂತ ಮೇಲೆ ರೋಗಿಯನ್ನು ಸಾಗಿಸಬೇಕಾದವರಿಗೆ, ಕಣ್ಣೆದುರಿನ ದಡವನ್ನು ಬಿಟ್ಟು ಬಹುದೂರ ಸುತ್ತಿಬರುವುದೊಂದೇ ದಾರಿಯಾಗಿತ್ತು. 2025ರಲ್ಲಿ ಅಲ್ಲಿ ಸೇತುವೆಯು ಸಂಚಾರಕ್ಕೆ ತೆರೆಯಿತು. ಸೇತುವೆಗೆ ಹಿಂದಿನ ದಿನವೂ ಮರುದಿನವೂ ಹ್ಯಾವರ್ಸೈನ್ ಸೂತ್ರವು ಕೊಡತಕ್ಕ ಉತ್ತರ ಒಂದೇ! ನೀರನ್ನಾಗಲಿ ಲಾಂಚಿನ ವೇಳೆಯನ್ನಾಗಲಿ ಸೇತುವೆಯನ್ನಾಗಲಿ ಅದು ಅರಿಯದು. ಆಸ್ಪತ್ರೆಯಿಂದ ಇಷ್ಟು ಕಿಲೋಮೀಟರಿನ ವೃತ್ತದೊಳಗೆ ಇಷ್ಟು ಹಳ್ಳಿಗಳಿವೆ, ಅವೆಲ್ಲಕ್ಕೂ ಚಿಕಿತ್ಸೆ ಸಮೀಪದಲ್ಲಿದೆ ಎಂದು ಪಟದ ಮೇಲೆ ತೀರ್ಮಾನಿಸುವವರು, ಇಂತಹ ಹಳ್ಳಿಗಳಿಗೆ ಅರಿಯದೆಯೇ ಅನ್ಯಾಯ ಮಾಡುತ್ತಾರೆ.

ಹಾಗಾದರೆ ಈ ಸೂತ್ರದ ಯೋಗ್ಯವಾದ ಉಪಯೋಗವಾವುದು? ಅದರ ಉತ್ತರವನ್ನು ದೂರದ ಕೆಳಮಿತಿಯೆಂದು ತಿಳಿದರೆ ಎಲ್ಲವೂ ಸರಿಹೋಗುತ್ತದೆ. ನೇರದೂರ ನಲವತ್ತು ಕಿಲೋಮೀಟರ್ ಇರುವ ಆಸ್ಪತ್ರೆಗೆ ಯಾವ ರಸ್ತೆಯೂ ಇಪ್ಪತ್ತೈದು ಕಿಲೋಮೀಟರಿನಲ್ಲಿ ಮುಟ್ಟಿಸಲಾರದು. ಗೋಲದ ಅಲ್ಪದೋಷವನ್ನು ಬಿಟ್ಟರೆ ಇದು ನಿಶ್ಚಯ. ಯಾವ ಪಟ್ಟಿಯಲ್ಲಾದರೂ ರಸ್ತೆಯ ದೂರವು ನೇರದೂರಕ್ಕಿಂತ ಕಡಿಮೆಯಾಗಿ ಕಂಡರೆ, ಅಂಕಿಗಳಲ್ಲೇ ತಪ್ಪಿದೆಯೆಂದು ಹಿಂಜರಿಯದೆ ಹೇಳಬಹುದು. ಸಾವಿರ ಆಸ್ಪತ್ರೆಗಳಲ್ಲಿ ಖಂಡಿತವಾಗಿ ದೂರವಿರುವ ಒಂಬೈನೂರ ತೊಂಬತ್ತನ್ನು ಈ ಸೂತ್ರವು ಕ್ಷಣಮಾತ್ರದಲ್ಲಿ ಬದಿಗಿಡಬಲ್ಲುದು. ಮಿಕ್ಕ ಹತ್ತರಲ್ಲಿ ಯಾವುದು ಸಮೀಪವೆಂಬುದನ್ನು ರಸ್ತೆಯನ್ನೂ ಹೊಳೆಯನ್ನೂ ವೇಳೆಯನ್ನೂ ಎಣಿಸಿಯೇ ನಿರ್ಧರಿಸಬೇಕು. ತಿರಸ್ಕರಿಸುವುದಕ್ಕೆ ಹ್ಯಾವರ್ಸೈನನ್ನು ನಂಬಿ. ಆರಿಸುವುದಕ್ಕೆ ದಾರಿಯನ್ನೇ ಅಳೆಯಿರಿ.