ಜಲ ಶುದ್ಧೀಕರಣ ಘಟಕದ ಹಸ್ತಾಂತರ: ಸಹಿಗೆ ಮುನ್ನ ನೋಡಬೇಕಾದ ಕಡತ

(ಗ್ರಾಮ ಪಂಚಾಯಿತಿ ಸದಸ್ಯರ ತರಬೇತಿಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ ಬೆಂಗಳೂರಿಗಾಗಿ ಕಾವೇರಿ ನೀರನ್ನು ಶುದ್ಧೀಕರಿಸಲಾಗುತ್ತದೆ. ಅಂತಹ ಬೃಹತ್ ಘಟಕದಲ್ಲಿ ಅಭಿಯಂತರರು ಸ್ಥಳದಲ್ಲಿಯೇ ಇರುತ್ತಾರೆ. ಮಂಡ್ಯ, ಮದ್ದೂರು, ಮಳವಳ್ಳಿಯ ಗ್ರಾಮಗಳಿಗೆ ನದಿಯ ನೀರನ್ನು ಶುದ್ಧೀಕರಿಸುವ ಸಣ್ಣ ಘಟಕದಲ್ಲಿ ಗುತ್ತಿಗೆದಾರರು ತೆರಳಿದ ಬಳಿಕ ಉಳಿಯುವುದು ನಿರ್ವಾಹಕ ಮತ್ತು ಹಸ್ತಾಂತರ ಕಡತ ಮಾತ್ರ.

ಈ ಕಡತದಲ್ಲಿ ಮೂರು ಭಾಗಗಳಿರಬೇಕು. ಮೊದಲನೆಯದು, ಕಾಮಗಾರಿ ಮುಗಿದಂತೆ ಇರುವ ನಕ್ಷೆ. ಟೆಂಡರ್ ಕಾಲದ ನಕ್ಷೆಯನ್ನೇ ಲಗತ್ತಿಸಿದ್ದರೆ ಅದು ಸಾಲದು. ಏಕೆಂದರೆ ಬಂಡೆ ಅಡ್ಡಬಂದಲ್ಲಿ ಕೊಳವೆಯ ಮಾರ್ಗ ಬದಲಾಗಿರುತ್ತದೆ. ಇದನ್ನು ಪರೀಕ್ಷಿಸುವುದು ಸುಲಭ: ನಕ್ಷೆಯಲ್ಲಿರುವ ಯಾವುದಾದರೂ ಎರಡು ವಾಲ್ವ್‌ಗಳನ್ನು ನೆಲದ ಮೇಲೆ ಗುರುತಿಸಿ, ಮುಚ್ಚಿ ತೋರಿಸುವಂತೆ ಕೇಳಬೇಕು.

ಎರಡನೆಯದು, ಪ್ರಾಯೋಗಿಕ ಚಾಲನೆಯ ದಾಖಲೆ. ಪಂಪಿನ ಹರಿವು, ಒತ್ತಡ ಮತ್ತು ವಿದ್ಯುತ್ ಪ್ರವಾಹ, ಒಳಬರುವ ಹಾಗೂ ಹೊರಹೋಗುವ ನೀರಿನ ಕಲಕುತನ, ಇವೆಲ್ಲ ಅದರಲ್ಲಿ ದಿನಾಂಕಸಹಿತ ಇರಬೇಕು. ಎರಡು ವರ್ಷಗಳ ನಂತರ ಹರಿವು ಕುಸಿದಾಗ, ಎಷ್ಟು ಕುಸಿದಿದೆ ಎಂಬುದನ್ನು ಈ ಅಂಕಿಗಳಿಂದಲೇ ತಿಳಿಯಬೇಕು.

ಮೂರನೆಯದು, ಕಾರ್ಯಾಚರಣೆ ಕೈಪಿಡಿ. ಯಂತ್ರ ತಯಾರಕರ ಇಂಗ್ಲಿಷ್ ಪುಸ್ತಕಗಳನ್ನು ಒಟ್ಟು ಹೊಲಿದರೆ ಕೈಪಿಡಿಯಾಗದು. ಘಟಕವನ್ನು ಆರಂಭಿಸುವ ಮತ್ತು ನಿಲ್ಲಿಸುವ ಕ್ರಮ, ಶೋಧಕವನ್ನು ತೊಳೆಯುವ ಕ್ರಮ, ರಾಸಾಯನಿಕದ ಪ್ರಮಾಣ, ನಿತ್ಯದ ದಾಖಲೆ ಪುಸ್ತಕ ಮತ್ತು ತುರ್ತು ಕ್ರಮ ಕನ್ನಡದಲ್ಲಿರಬೇಕು.

ಇವುಗಳಲ್ಲಿ ಹೆಚ್ಚಾಗಿ ಅಪೂರ್ಣವಾಗಿರಬಹುದಾದುದು ರಾಸಾಯನಿಕದ ಪುಟ. ಉದಾಹರಣೆಗೆ, ಗಂಟೆಗೆ 50,000 ಲೀಟರ್ ಶುದ್ಧೀಕರಿಸುವ ಘಟಕವೊಂದನ್ನು ಪರಿಗಣಿಸಬಹುದು. ಬೇಸಿಗೆಯಲ್ಲಿ ಲೀಟರಿಗೆ 30 ಮಿಲಿಗ್ರಾಂ ಆಲಂ ಸಾಕೆಂದು ಜಾರ್ ಪರೀಕ್ಷೆ ತೋರಿಸಿದರೆ, ಗಂಟೆಗೆ ಒಂದೂವರೆ ಕಿಲೋ ಬೇಕು. ಲೀಟರಿಗೆ 100 ಗ್ರಾಂ ಕರಗಿಸಿದ ದ್ರಾವಣದಲ್ಲಿ ಅದು 15 ಲೀಟರ್. ಮಳೆಗಾಲದ ಕೆಂಪು ನೀರಿಗೆ 60 ಮಿಲಿಗ್ರಾಂ ಬೇಕಾದರೆ ದ್ರಾವಣ 30 ಲೀಟರ್ ಆಗುತ್ತದೆ. ಕೈಪಿಡಿಯಲ್ಲಿ ‘15 ಲೀಟರ್’ ಎಂದಷ್ಟೇ ಬರೆದಿದ್ದರೆ ನಿರ್ವಾಹಕನು ಮಳೆಗಾಲದಲ್ಲಿಯೂ ಅಷ್ಟನ್ನೇ ಬಿಡುತ್ತಾನೆ. ಆಗ ಮಣ್ಣು ತಳಕ್ಕಿಳಿಯದೆ ಶೋಧಕ ಬೇಗ ಕಟ್ಟಿಕೊಳ್ಳುತ್ತದೆ. ಪದೇ ಪದೇ ತೊಳೆಯಬೇಕಾಗುವುದೇ ಅದರ ಮೊದಲ ಸೂಚನೆ. ಆದುದರಿಂದ ಕೈಪಿಡಿಯಲ್ಲಿ ಪ್ರಮಾಣದೊಂದಿಗೆ ಜಾರ್ ಪರೀಕ್ಷೆಯ ವಿಧಾನವೂ ಇರಬೇಕು.

ಬ್ಲೀಚಿಂಗ್ ಪುಡಿಯ ಲೆಕ್ಕವೂ ಹೀಗೆಯೇ. ಅದೇ ಘಟಕಕ್ಕೆ ಗಂಟೆಗೆ 100 ಗ್ರಾಂ ಕ್ಲೋರಿನ್ ಬೇಕಾದರೆ, ಶೇಕಡ 25 ಸತ್ವದ ಪುಡಿ 400 ಗ್ರಾಂ ಸಾಕು. ದಾಸ್ತಾನಿನಲ್ಲಿ ಸತ್ವ ಶೇಕಡ 20ಕ್ಕೆ ಇಳಿದಿದ್ದರೆ 500 ಗ್ರಾಂ ಬೇಕು. ಪುಡಿಯ ತೂಕ ಸರಿಯಿದ್ದರೂ ಕೊನೆಯ ನಲ್ಲಿಯಲ್ಲಿ ಉಳಿಕೆ ಕ್ಲೋರಿನ್ ಲೀಟರಿಗೆ 0.2 ಮಿಲಿಗ್ರಾಂಗಿಂತ ಕಡಿಮೆಯಿದ್ದರೆ ಮೊದಲು ಪುಡಿಯ ಸತ್ವವನ್ನೂ, ಬಳಿಕ ಕೊಳವೆಯ ಸೋರಿಕೆಯನ್ನೂ ಪರಿಶೀಲಿಸಬೇಕು.

ಸಹಿಗೆ ಮುನ್ನ ಗುತ್ತಿಗೆದಾರರ ಸಿಬ್ಬಂದಿ ದೂರ ನಿಂತಿರಲಿ. ಪಂಚಾಯಿತಿಯ ನಿರ್ವಾಹಕನು ಕೈಪಿಡಿಯನ್ನು ಮಾತ್ರ ನೋಡಿಕೊಂಡು ಒಂದು ಪೂರ್ಣ ದಿನ ಘಟಕವನ್ನು ನಡೆಸಲಿ. ಆತನು ತಡೆದು ನಿಂತ ಪ್ರತಿಯೊಂದು ಹಂತವನ್ನೂ ನ್ಯೂನತೆಗಳ ಪಟ್ಟಿಗೆ ಸೇರಿಸಿ, ಅದು ಸರಿಯಾದ ನಂತರವೇ ಹಸ್ತಾಂತರ ಪತ್ರಕ್ಕೆ ಸಹಿ ಮಾಡತಕ್ಕದ್ದು.