ಜಾಕ್ಸನ್ ತೊಡೆಯಲ್ಲಿ ಸಿಕ್ಕ ಎಳೆಗಳು

ಬ್ರಿಟನ್ನಿನ ಕಾಲಿನ್ ಜಾಕ್ಸನ್ 1993ರಲ್ಲಿ ಸ್ಟುಟ್‌ಗಾರ್ಟ್‌ನಲ್ಲಿ 110 ಮೀಟರ್ ಹರ್ಡಲ್ಸನ್ನು 12.91 ಸೆಕೆಂಡಿನಲ್ಲಿ ಓಡಿ ಮುಗಿಸಿದರು. ಆ ವಿಶ್ವದಾಖಲೆ ಮುರಿದದ್ದು 2006ರಲ್ಲಿ. ಸ್ಪರ್ಧೆಯಿಂದ ನಿವೃತ್ತರಾದ ಮೇಲೆ, 2008ರಲ್ಲಿ, ಬಿಬಿಸಿಯ ಒಂದು ಕಾರ್ಯಕ್ರಮಕ್ಕಾಗಿ ಅವರು ತಮ್ಮ ತೊಡೆಯನ್ನೇ ವಿಜ್ಞಾನಿಗಳ ಮುಂದೊಡ್ಡಿದರು.

ಪರೀಕ್ಷೆಯ ಕ್ರಮ ಹೀಗೆ. ತೊಡೆಯ ಹೊರಮಗ್ಗುಲಿಗೆ ಅರಿವಳಿಕೆ ಚುಚ್ಚಿ, ಚರ್ಮವನ್ನು ಚೂರೇ ಕೊಯ್ದು, ದಪ್ಪ ಟೊಳ್ಳು ಸೂಜಿಯಿಂದ ಸ್ನಾಯುವಿನ ಸಣ್ಣ ತುಣುಕು ತೆಗೆಯುತ್ತಾರೆ. ಅದನ್ನು ಕೂಡಲೇ ಹೆಪ್ಪುಗಟ್ಟಿಸಿ, ತೆಳ್ಳಗೆ ಸೀಳಿ ಬಣ್ಣ ಹಾಕಿದರೆ ಸೂಕ್ಷ್ಮದರ್ಶಕದಡಿ ಎಳೆಗಳು ಬೇರೆ ಬೇರೆಯಾಗಿ ಕಾಣುತ್ತವೆ. ನಿಧಾನದ ಎಳೆಗಳು ಆಮ್ಲಜನಕ ಬಳಸಿ ಗಂಟೆಗಟ್ಟಲೆ ದುಡಿಯುತ್ತವೆ. ವೇಗದ ಎಳೆಗಳು ಥಟ್ಟನೆ ಬಿಗಿದು ಹೆಚ್ಚು ಬಲ ಕೊಡುತ್ತವೆ, ಆದರೆ ಬೇಗ ಸೋಲುತ್ತವೆ. ಮಾಂಸ ತಿನ್ನುವವರು ಇದನ್ನು ಬಲ್ಲರು: ದಿನವಿಡೀ ನಡೆಯುವ ಕೋಳಿಯ ತೊಡೆ ಕೆಂಪು, ಅಪರೂಪಕ್ಕೆ ರೆಕ್ಕೆ ಬಡಿಯುವ ಎದೆ ಬಿಳಿ.

ಜಾಕ್ಸನ್ ತೊಡೆಯಲ್ಲಿ ವೇಗದ ಎಳೆಗಳದೇ ಮೇಲುಗೈ. ಅದರಲ್ಲೂ ಅತಿವೇಗದ ಬಗೆ ಸುಮಾರು ಕಾಲುಭಾಗ! ಸಾಮಾನ್ಯರಲ್ಲಿ ಅದು ಅಪ್ಪಟ ರೂಪದಲ್ಲಿ ಸಿಗುವುದೇ ಅಪರೂಪ.

ಇದರಿಂದ ಏನು ಲಾಭ? ಪೂರ್ಣ ವೇಗದ ಓಟದಲ್ಲಿ ಪಾದ ನೆಲ ಮುಟ್ಟಿರುವುದು ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಹೊತ್ತು. ಅಷ್ಟರೊಳಗೆ ನೆಲವನ್ನು ಒದೆಯಬೇಕು. ನಿಧಾನದ ಎಳೆ ಪೂರ್ತಿ ಬಿಗಿಯುವ ಹೊತ್ತಿಗೆ ಕಾಲು ನೆಲ ಬಿಟ್ಟಾಗಿರುತ್ತದೆ. ಮ್ಯಾರಥಾನ್ ಓಟಗಾರರಿಗೆ ಈ ಅವಸರವಿಲ್ಲ. ಅವರಲ್ಲಿ ಅನೇಕರ ಕಾಲಿನಲ್ಲಿ ಮುಕ್ಕಾಲು ಪಾಲು ಅಥವಾ ಅದಕ್ಕೂ ಹೆಚ್ಚು ನಿಧಾನದ ಎಳೆಗಳೇ. 800 ಮೀಟರಿನವರಿಗೆ ಎರಡೂ ಬೇಕು, ಪಾಪ.

ಆದರೆ ಜಾಕ್ಸನ್ ಫಲಿತಾಂಶವನ್ನು ಜಾತಕದಂತೆ ಓದಬಾರದು. ಕಠಿಣ ತರಬೇತಿಯಲ್ಲಿ ಅತಿವೇಗದ ಎಳೆಗಳು ಕಡಿಮೆಯಾಗುತ್ತವೆ, ತರಬೇತಿ ನಿಲ್ಲಿಸಿದರೆ ಮತ್ತೆ ಹೆಚ್ಚುತ್ತವೆ. ತುಣುಕು ತೆಗೆದದ್ದು ಅವರು ನಿವೃತ್ತರಾದ ಮೇಲೆ. ಹಾಗಾಗಿ ದಾಖಲೆಯ ದಿನ ಅದೇ ಪ್ರಮಾಣವಿತ್ತೆಂದು ಹೇಳಲಾಗದು. ದೊಡ್ಡ ಸ್ಪರ್ಧೆಗೆ ಮುನ್ನ ಓಟಗಾರರು ಅಭ್ಯಾಸ ಇಳಿಸುವುದಕ್ಕೆ ದಣಿವಾರಿಸಿಕೊಳ್ಳುವುದೇ ಮುಖ್ಯ ಕಾರಣವಾದರೂ, ಈ ಎಳೆಗಳ ಪಾತ್ರವೂ ಇರಬಹುದು.

ಅಮೆರಿಕದಲ್ಲಿ ತದ್ರೂಪಿ ಅವಳಿ ಸೋದರರಿಬ್ಬರನ್ನು ಪರೀಕ್ಷಿಸಿದ ವರದಿ 2018ರಲ್ಲಿ ಬಂತು. ಒಬ್ಬ ಮೂವತ್ತು ವರ್ಷ ದೂರದ ಓಟ ಓಡಿದವ, ಇನ್ನೊಬ್ಬ ವ್ಯಾಯಾಮದ ಗೊಡವೆಗೆ ಹೋಗದವ. ಓಡಿದವನ ತೊಡೆಯಲ್ಲಿ ನಿಧಾನದ ಎಳೆ ನೂರಕ್ಕೆ 90 ದಾಟಿತ್ತು, ತಮ್ಮನೋ ಅಣ್ಣನೋ ಆದ ಇನ್ನೊಬ್ಬನಲ್ಲಿ ಸುಮಾರು 40. ಹುಟ್ಟಿನ ಪಾಲು ದೊಡ್ಡದಾದರೂ ದಶಕಗಳ ಓಟಕ್ಕೂ ಪಾಲಿದೆ.

ಶಾಲೆಯ ದೈಹಿಕ ಶಿಕ್ಷಕರಿಗೆ ಸೂಜಿ ಬೇಕಿಲ್ಲ. ಹುಡುಗಿ ಸಣಕಲೆಂದು ನೋಡಿದ ತಕ್ಷಣ 3000 ಮೀಟರಿಗೆ ಹಾಕಬೇಡಿ. ಮೊದಲು ನಿಂತಲ್ಲಿಂದ ಉದ್ದ ಜಿಗಿಸಿ, 30 ಮೀಟರ್ ಓಡಿಸಿ, ಬೇರೆ ದಿನ 800 ಮೀಟರ್ ಓಡಿಸಿ ಸಮಯ ಬರೆದಿಡಿ. ಎರಡು ವರ್ಷ ಹೀಗೆ ನೋಡಿದ ಮೇಲೆ ಸ್ಪರ್ಧೆ ನಿರ್ಧರಿಸಿ.